ಹತ್ತನೇ ಪ್ರಶ್ನೆಯಲ್ಲಿ ಕೇಳದ್ದು

ಗಣಿತದ ಟೀಚರಿಗೂ ಅವಳ ಮಗಳಿಗೂ ನಡುವೆ ವಾರಕ್ಕೆ ಎರಡು ನಿಮಿಷದ ಮಾತು ಉಳಿದಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು.

"ತಿಂಡಿ ಆಯ್ತಾ?"

"ಆಯ್ತು."

"ಓದು ಹೇಗೆ ನಡೀತಿದೆ?"

"ನಡೀತಿದೆ."

"ಅಪ್ಪ ಚೆನ್ನಾಗಿದಾರಾ?"

"ಹ್ಞೂಂ."

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡುತ್ತಿದ್ದರು. ಇಡೀ ಮಾತುಕತೆಯಲ್ಲಿ ನಿಜವಾದದ್ದು ಅದೊಂದೇ. ನಂತರ ಯಾರಾದರೊಬ್ಬರು "ಸರಿ, ಇಡ್ಲಾ?" ಅನ್ನುತ್ತಿದ್ದರು. ಮೂರು ವರ್ಷದಿಂದ ಹೀಗೇ. ವಾರಕ್ಕೆ ಎರಡರಂತೆ ಮೂರು ವರ್ಷಕ್ಕೆ ಎಷ್ಟು ನಿಮಿಷವೆಂದು ಟೀಚರು ಒಮ್ಮೆ ಲೆಕ್ಕ ಹಾಕಿದ್ದಳು. ಐದು ಗಂಟೆಗಿಂತ ಸ್ವಲ್ಪ ಜಾಸ್ತಿ ಬಂತು. ಹಿಂದೆ ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲೇ ಅಷ್ಟು ಮಾತು ಮುಗಿದಿರುತ್ತಿತ್ತು.

ಮಗಳಿಗೆ ಈಗ ಹದಿನೈದು. ಮನೆಯಲ್ಲಿ ಅವಳ ಹೆಸರು ಗುಬ್ಬಿ. ಗಂಡ ಹೆಂಡತಿ ಬೇರೆಯಾದಾಗ ಅವಳಿಗೆ ಹನ್ನೆರಡು. ನ್ಯಾಯಾಲಯದ ಪಕ್ಕದ ಚಿಕ್ಕ ಕೋಣೆಯಲ್ಲಿ ಒಬ್ಬ ಅಧಿಕಾರಿಣಿ ಮಗುವನ್ನು ನಡುವೆ ಕೂರಿಸಿ, "ನಿಂಗೆ ಯಾರ ಜೊತೆ ಇರೋಕೆ ಇಷ್ಟ ಪುಟ್ಟಾ?" ಎಂದು ಕೇಳಿದ್ದರು. ಅಪ್ಪ ಕಣ್ಣು ತುಂಬಿಕೊಂಡು, "ನನ್ ಜೊತೆ ಬಂದ್ಬಿಡು ಮಗಳೇ" ಅಂದುಬಿಟ್ಟ. ಟೀಚರು ಏನೂ ಅನ್ನಲಿಲ್ಲ. ಕೈಕಟ್ಟಿ ನೆಟ್ಟಗೆ ಕೂತಿದ್ದಳು. ಇಪ್ಪತ್ತೆರಡು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕಾವಲು ತಿರುಗಿದವಳು ಅವಳು. ಮಕ್ಕಳಿಗೆ ಉತ್ತರ ಹೇಳಿಕೊಡಬಾರದು ಎನ್ನುವುದು ರಕ್ತದಲ್ಲಿ ಸೇರಿಹೋಗಿತ್ತು. ಮಗಳು ತಾನೇ ಯೋಚಿಸಲಿ, ತಾನೇ ಹೇಳಲಿ, ಸರಿಯುತ್ತರ ಅವಳಿಗೆ ಗೊತ್ತಿದ್ದೇ ಇದೆ ಎಂದು ನಂಬಿಕೊಂಡಿದ್ದಳು. ಗುಬ್ಬಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿತು. ಆಮೇಲೆ ಕರೆದವರ ಕಡೆ ಹೋಯಿತು.

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುತ್ತಾರೆ. ಕರೆಯದಿದ್ದರೆ ಮಗಳೂ ಬರುವುದಿಲ್ಲ ಅನ್ನುವುದನ್ನು ಯಾವ ಪುಣ್ಯಾತ್ಮರೂ ಗಾದೆ ಮಾಡಿಡಲಿಲ್ಲ. ಮಾಡಿಟ್ಟಿದ್ದರೆ ಟೀಚರಿಗೆ ಉಪಯೋಗಕ್ಕೆ ಬರುತ್ತಿತ್ತು.

ಅಪ್ಪನಿದ್ದ ಊರು ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಅಲ್ಲಿಯೂ ಇದೇ ಆಡಳಿತ ಮಂಡಳಿಯ ಶಾಲೆ ಇದ್ದುದರಿಂದ ಗುಬ್ಬಿ ಅಲ್ಲಿಗೇ ಸೇರಿದಳು. ಮಂಡಳಿಯದು ಒಟ್ಟು ಹನ್ನೆರಡು ಶಾಲೆ. ಹತ್ತನೇ ತರಗತಿಗೆ ಪ್ರತಿ ಪಾಠಕ್ಕೂ ಒಂದು ಅಭ್ಯಾಸ ಹಾಳೆ ಇರುತ್ತದೆ. ಹನ್ನೆರಡೂ ಶಾಲೆಗೆ ಒಂದೇ ಹಾಳೆ, ಒಂದೇ ದಿನ ಬರೆಸುತ್ತಾರೆ. ಒಬ್ಬ ಟೀಚರು ಪ್ರಶ್ನೆ ತೆಗೆಯಬೇಕು, ಇನ್ನೊಬ್ಬರು ಪರಿಶೀಲಿಸಬೇಕು. ಬರೆದ ಹಾಳೆಗಳನ್ನೆಲ್ಲ ಮಂಡಳಿಯ ಕಚೇರಿಯಲ್ಲಿ ಕಲಸಿ, ಹೆಸರಿನ ಚೀಟಿ ಹರಿದು ಬರೀ ಸಂಖ್ಯೆ ಉಳಿಸಿ, ಕಟ್ಟು ಕಟ್ಟಿ ಹಂಚುತ್ತಾರೆ. ತಮ್ಮ ಮಕ್ಕಳಿಗೆ ತಾವೇ ಅಂಕ ಸುರಿದುಕೊಳ್ಳಬಾರದಲ್ಲ. ತಿದ್ದಿದ ಮೇಲೆ ಹಾಳೆಗಳು ಮಕ್ಕಳಿಗೇ ವಾಪಸ್ಸು.

ಆ ವರ್ಷ ಸಮಾಂತರ ಶ್ರೇಢಿಯ ಹಾಳೆ ಗಣಿತದ ಟೀಚರ ಪಾಲಿಗೆ ಬಂತು.

ಸುತ್ತೋಲೆ ಓದಿ ಮಡಚಿದಾಗ ಅವಳಿಗೆ ಹೊಳೆದದ್ದು ಒಂದೇ. ಗುಬ್ಬಿ ಈ ಹಾಳೆಯನ್ನು ಓದಲೇಬೇಕು. ಎರಡು ನಿಮಿಷವಲ್ಲ, ಒಂದೂವರೆ ಗಂಟೆ. "ಹ್ಞೂಂ" ಅಂದರೆ ನಡೆಯುವುದಿಲ್ಲ, ಹಂತ ಹಂತವಾಗಿ ಬರೆಯಬೇಕು. ಮಗಳು ಉತ್ತರಿಸಲೇಬೇಕಾದ ಕಾಗದವನ್ನು ಬರೆಯುವ ಅವಕಾಶ ಎಷ್ಟು ಜನ ತಾಯಂದಿರಿಗೆ ಸಿಗುತ್ತದೆ? ಜೊತೆಗೆ ಒಂಬೈನೂರು ಮಕ್ಕಳೂ ಅದನ್ನು ಓದುತ್ತಾರೆ ನಿಜ. ಓದಿಕೊಳ್ಳಲಿ, ಅವರಿಗೆ ಅದು ಬರೀ ಲೆಕ್ಕ.

ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ಪ್ರಶ್ನೆ ತೆಗೆದಳು. ಮೊದಲ ಮೂರು ಪುಸ್ತಕದಲ್ಲಿರುವಂಥವೇ. ಮೊದಲ ಪದ 7, ಸಾಮಾನ್ಯ ವ್ಯತ್ಯಾಸ 3, ಇಪ್ಪತ್ತನೆಯ ಪದ ಎಷ್ಟು? ಅರ್ಧ ತರಗತಿ ಏಳಕ್ಕೆ ಇಪ್ಪತ್ತು ಮೂರುಗಳನ್ನು ಸೇರಿಸಿ 67 ಎಂದು ಬರೆಯುತ್ತದೆ. ಮೊದಲ ಪದಕ್ಕೆ ಇನ್ನೂ ಏನೂ ಸೇರಿಲ್ಲ, ಸೇರುವುದು ಎರಡನೆಯದರಿಂದ, ಆದ್ದರಿಂದ ಹತ್ತೊಂಬತ್ತೇ ಮೂರುಗಳು, ಉತ್ತರ 64 ಎಂದು ಎಷ್ಟು ಬಡಿದುಕೊಂಡರೂ ಅಷ್ಟೆ. ಇದೇ ತಪ್ಪಿಗೆ ಹನ್ನೊಂದು ವರ್ಷದ ಗುಬ್ಬಿಯ ಹಾಳೆಯನ್ನು ಅವಳು ಒಮ್ಮೆ ಪರಪರ ಹರಿದಿದ್ದಳು. ಹತ್ತನೇ ತರಗತಿಯ ಲೆಕ್ಕವನ್ನು ಆರನೇ ತರಗತಿಯ ಮಗುವಿಗೆ ಹಾಕಿದ್ದೂ ಅವಳೇ, ಹರಿದದ್ದೂ ಅವಳೇ. ಶಾಲೆಯಲ್ಲಿ ಎಂಥ ದಡ್ಡರಿಗೂ ನಕ್ಕು ಹೇಳಿಕೊಡುವ ಟೀಚರೆಂದು ಹೆಸರು. ಮನೆಗೆ ಮಾರಿ, ಊರಿಗೆ ಉಪಕಾರಿ.

ನಾಲ್ಕನೆಯ ಪ್ರಶ್ನೆಯಿಂದ ಅವಳ ಕೈ ಬೇರೆ ದಾರಿ ಹಿಡಿಯಿತು. "ಒಬ್ಬ ಹುಡುಗಿ ಮೊದಲ ದಿನ ಹಗ್ಗ ಹಿಡಿದು 15 ಸಲ ಜಿಗಿದಳು. ಪ್ರತಿದಿನ 5 ಸಲ ಹೆಚ್ಚು ಜಿಗಿದರೆ 21ನೆಯ ದಿನ ಎಷ್ಟು ಸಲ? 21 ದಿನಗಳಲ್ಲಿ ಒಟ್ಟು ಎಷ್ಟು ಸಲ?" ಉತ್ತರ 115, ಒಟ್ಟು 1365. ಒಂದು ಬೇಸಿಗೆಯಲ್ಲಿ ಗುಬ್ಬಿ ಹಾಗೆ ಜಿಗಿಯುತ್ತಿದ್ದರೆ ಎಣಿಸುತ್ತಾ ಕೂತವಳು ಅವಳೇ. ಕೆಳಮನೆಯವರು ಮೇಲೆ ಬಂದು, "ನಮ್ಮ ಚಾವಣಿ ಉದುರುತ್ತೆ ಕಣ್ರೀ" ಎಂದು ಜಗಳ ಆಡಿಹೋಗಿದ್ದರು.

ಏಳನೆಯದು ಶಾಲು. "ತ್ರಿಕೋನಾಕಾರದ ಉಲ್ಲನ್ ಶಾಲಿನ ಮೊದಲ ಸಾಲಿನಲ್ಲಿ 9 ಹೊಲಿಗೆ, ನಂತರದ ಪ್ರತಿ ಸಾಲಿನಲ್ಲಿ 2 ಹೆಚ್ಚು. ಒಟ್ಟು 345 ಹೊಲಿಗೆಗಳಾದಾಗ ಎಷ್ಟು ಸಾಲು ಮುಗಿದಿದೆ?" ಹದಿನೈದು ಸಾಲು. ಗುಬ್ಬಿಗೆಂದು ತೊಡಗಿ ಅಷ್ಟಕ್ಕೇ ನಿಂತುಹೋದ ಹಳದಿ ಶಾಲು ಕಡ್ಡಿಗಳ ಸಮೇತ ಬೀರುವಿನಲ್ಲಿತ್ತು. ಬಿಡಿಸಿದರೆ ಋಣ ಇಪ್ಪತ್ತಮೂರು ಎಂಬ ಇನ್ನೊಂದು ಉತ್ತರವೂ ಬರುತ್ತದೆ. ಅದನ್ನು ಬಿಡಬೇಕು. ಋಣ ಸಾಲುಗಳನ್ನು ಹೆಣೆಯುವ ತಾಯಿ ಇನ್ನೂ ಹುಟ್ಟಿಲ್ಲ.

ಹತ್ತನೆಯದನ್ನು ಬರೆಯಲು ಮೂರು ಸಂಜೆ ಹಿಡಿಯಿತು.

"ಒಬ್ಬ ಹುಡುಗಿ ನೇರವಾದ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಮನೆಯಿಂದ ಹೊರಡುತ್ತಾಳೆ. ಮೊದಲ ದಿನ 30 ಕಿ.ಮೀ. ಸಾಗುತ್ತಾಳೆ. ನಂತರ ಪ್ರತಿದಿನ ಹಿಂದಿನ ದಿನಕ್ಕಿಂತ 4 ಕಿ.ಮೀ. ಕಡಿಮೆ ಸಾಗುತ್ತಾಳೆ. ಋಣ ಸಂಖ್ಯೆ ಬಂದ ದಿನ ಅಷ್ಟು ದೂರ ಮನೆಯತ್ತ ಹಿಂತಿರುಗಿದಳೆಂದು ತಿಳಿಯಿರಿ. ಎಷ್ಟನೆಯ ದಿನದ ಕೊನೆಗೆ ಅವಳು ಮನೆಯಿಂದ 120 ಕಿ.ಮೀ. ದೂರದಲ್ಲಿರುತ್ತಾಳೆ?"

ಅದರ ಕೆಳಗೆ ಇನ್ನೊಂದು ಸಾಲು ಬರೆದಳು: "ಎಷ್ಟನೆಯ ದಿನ ಅವಳು ಮನೆ ತಲುಪುತ್ತಾಳೆ?"

ಬರೆದು ಅದನ್ನೇ ನೋಡುತ್ತಾ ಕೂತಳು. ಒಲೆಯ ಮೇಲಿನ ಚಹಾ ಉಕ್ಕಿ ಒಲೆಯೇ ಆರಿತು. ಇದು ಹೇಳಿಕೊಟ್ಟಂತೆ ಆಗುತ್ತದೆ ಅನ್ನಿಸಿತೋ, ಭಿಕ್ಷೆ ಬೇಡಿದಂತೆ ಅನ್ನಿಸಿತೋ, ಅಂತೂ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದಳು.

ಪರಿಶೀಲನೆಗೆ ಸಿಕ್ಕವರು ಕೆಂಪಿಂಕಿನ ಮೇಷ್ಟ್ರು. ಪಕ್ಕದ ಶಾಲೆಯವರು, ನಿವೃತ್ತಿಗೆ ಒಂದು ವರ್ಷ. ಮದುವೆಯ ಕರೆಯೋಲೆ ಕೊಟ್ಟರೂ ಕಾಗುಣಿತ ತಿದ್ದಿ ವಾಪಸ್ಸು ಕೊಡುತ್ತಾರೆಂದು ಅವರ ಖ್ಯಾತಿ. ಶಿಕ್ಷಕರ ಕೋಣೆಯಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂಬತ್ತು ಪ್ರಶ್ನೆಗಳಿಗೆ ತಲೆಯಾಡಿಸಿದರು. ಹತ್ತನೆಯದಕ್ಕೆ ಬಂದು ನಿಂತರು.

"ಏನ್ರೀ ಮೇಡಂ ಇದು? ಎರಡು ಉತ್ತರ ಬರುತ್ತಲ್ಲ."

"ಬರಲಿ ಸರ್. ಎರಡೂ ಸರಿ."

ಮೇಷ್ಟ್ರು ಹಾಳೆಯ ಅಂಚಿನಲ್ಲೇ ಬಿಡಿಸಿದರು. ಮೊತ್ತದ ಸೂತ್ರ ಹಾಕಿದರೆ n ವರ್ಗ ಕಳೆ 16n ಕೂಡಿಸು 60 ಸಮ ಸೊನ್ನೆ. n ಬೆಲೆ ಆರು, ಇಲ್ಲವೇ ಹತ್ತು. ಆರು ದಿನಕ್ಕೆ ಮೂವತ್ತು, ಇಪ್ಪತ್ತಾರು, ಇಪ್ಪತ್ತೆರಡು, ಹದಿನೆಂಟು, ಹದಿನಾಲ್ಕು, ಹತ್ತು, ಕೂಡಿದರೆ ನೂರಿಪ್ಪತ್ತು. ಏಳನೇ ದಿನ ಆರು, ಎಂಟನೇ ದಿನ ಎರಡು. ಅಲ್ಲಿಗೆ ನೂರಿಪ್ಪತ್ತೆಂಟು, ಅದಕ್ಕಿಂತ ದೂರ ಅವಳು ಹೋಗುವುದೇ ಇಲ್ಲ. ಒಂಬತ್ತನೇ ದಿನ ಎರಡು ಹಿಂದಕ್ಕೆ, ಹತ್ತನೇ ದಿನ ಆರು ಹಿಂದಕ್ಕೆ. ಮತ್ತೆ ಅದೇ ನೂರಿಪ್ಪತ್ತು.

"ಲೆಕ್ಕವೇನೋ ಚೆಂದ ಇದೆ. ಆದ್ರೆ ಹತ್ತು ತಲೆ ತಿದ್ದೋವಾಗ ಒಬ್ಬೊಬ್ಬರು ಒಂದೊಂದು ಥರ ಅಂಕ ಕೊಡ್ತಾರೆ. ನಾಳೆ ಪೋಷಕರು ನನ್ ಜುಟ್ಟು ಹಿಡೀತಾರೆ, ಇರೋದೇ ನಾಲ್ಕು ಕೂದಲು" ಎಂದು ಅವರು 'ಮೊದಲ ಬಾರಿಗೆ' ಎಂಬ ಎರಡು ಪದಗಳನ್ನು ಕೆಂಪಿನಲ್ಲಿ ಸೇರಿಸಿದರು. 'ಎಷ್ಟನೆಯ ದಿನದ ಕೊನೆಗೆ ಅವಳು ಮೊದಲ ಬಾರಿಗೆ ಮನೆಯಿಂದ 120 ಕಿ.ಮೀ. ದೂರದಲ್ಲಿರುತ್ತಾಳೆ.' ಉತ್ತರಸೂಚಿಯಲ್ಲಿ ಬರೆದರು: n = 6. n = 10 ಅನ್ನು ತಿರಸ್ಕರಿಸಬೇಕು.

"ತಿರಸ್ಕರಿಸಬೇಕು ಅಂತಲೇ ಬರೀಬೇಕಾ ಸರ್?"

"ಮತ್ತೇನು ಅಂತ ಬರೀಲಿ? ಆದರಿಸಿ ಸತ್ಕರಿಸಬೇಕು ಅಂತಲಾ?" ಆಮೇಲೆ ಗೆರೆ ಎಳೆದ ಸಾಲನ್ನು ಬೆಳಕಿಗೆ ಹಿಡಿದು ಓದಿದರು. "ಇದ್ಯಾಕೆ ಹೊಡೆದು ಹಾಕಿದ್ರಿ? ಎಲ್ಲಕ್ಕಿಂತ ಒಳ್ಳೇ ಪ್ರಶ್ನೆ ಇದೇ ಇತ್ತಲ್ಲ."

"ಉದ್ದ ಆಗುತ್ತೆ ಸರ್" ಎಂದಳು ಟೀಚರು.

ಮೇಷ್ಟ್ರು ಅವಳನ್ನು ಕನ್ನಡಕದ ಮೇಲಿನಿಂದ ನೋಡಿದರು. ಊರಿಗೆಲ್ಲ ಗೊತ್ತಿದ್ದುದು ಅವರಿಗೂ ಗೊತ್ತಿತ್ತು. ಸಹಿ ಹಾಕಿದರು.

ಹಾಳೆ ಅಚ್ಚಾಗಿ ಹೋಯಿತು. ಒಂದು ಬುಧವಾರ ಹನ್ನೆರಡೂ ಶಾಲೆಗಳಲ್ಲಿ ಬರೆಸಿದರು. ತನ್ನ ತರಗತಿಯಲ್ಲಿ ಮಕ್ಕಳು ಬಗ್ಗಿ ಬರೆಯುತ್ತಿದ್ದರೆ ಟೀಚರು ಕಿಟಕಿಯ ಬಳಿ ನಿಂತಿದ್ದಳು. ಇದೇ ಹೊತ್ತಿಗೆ ಗುಬ್ಬಿಯೂ ಬರೆಯುತ್ತಿದೆ. ಹಗ್ಗದ ಪ್ರಶ್ನೆಗೆ ಬಂದಿರಬಹುದು, ನಕ್ಕಿರಬಹುದು. ಶಾಲಿನ ಹತ್ತಿರ ಬಂದಾಗ ಪೆನ್ಸಿಲ್ಲು ನಿಂತಿರಬಹುದು. ಕೊನೆಯದನ್ನು ಓದಿ ಏನಂದುಕೊಂಡಿತೋ. ಗಂಟೆ ಹೊಡೆದದ್ದೇ ಅವಳಿಗೆ ಕೇಳಿಸಲಿಲ್ಲ, ಮುಂದಿನ ಬೆಂಚಿನ ಹುಡುಗಿ "ಮಿಸ್, ತಗೊಳಲ್ವಾ?" ಎಂದು ಹಾಳೆ ಚಾಚಿದಾಗಲೇ ಎಚ್ಚರವಾದದ್ದು.

ಆ ಭಾನುವಾರ ಫೋನಿನಲ್ಲಿ ಕೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಆದರೆ ಹಾಳೆ ತಿದ್ದಿ ಮುಗಿಯುವ ಮುಂಚೆ ಪ್ರಶ್ನೆ ತೆಗೆದವರು ಮಕ್ಕಳ ಜೊತೆ ಅದರ ಬಗ್ಗೆ ಮಾತಾಡಬಾರದು ಎಂಬ ನಿಯಮ ಇತ್ತು. ನಿಯಮ ಇತ್ತು ಎನ್ನುವುದು ಅವಳಿಗೆ ಅನುಕೂಲವೂ ಆಯಿತು. ಗುಬ್ಬಿಯ ದನಿ ಒಂದಿಷ್ಟು ಕಟ್ಟಿದಂತಿತ್ತು. "ತಿಂಡಿ ಆಯ್ತಾ?" "ಆಯ್ತು." ಅಷ್ಟೆ.

ಸೋಮವಾರ ಕಟ್ಟುಗಳು ಬಂದವು. ಟೀಚರ ಪಾಲಿಗೆ ಎಂಬತ್ತು ಹಾಳೆ.

"ಒಂಬೈನೂರರಲ್ಲಿ ಎಂಬತ್ತು" ಎಂದರು ಕೆಂಪಿಂಕಿನ ಮೇಷ್ಟ್ರು, ತಮ್ಮ ಕಟ್ಟಿನ ದಾರ ಬಿಚ್ಚುತ್ತಾ. ಇಬ್ಬರೂ ಮಂಡಳಿಯ ಕಚೇರಿಯ ಉದ್ದ ಮೇಜಿನ ಎದುರುಬದುರು ಕೂತಿದ್ದರು. "ಯಾವುದೋ ಒಂದು ಹಾಳೆ ನಮ್ಮ ಕಟ್ಟಲ್ಲೇ ಇರೋ ಸಂಭವ ಹನ್ನೊಂದಕ್ಕೆ ಒಂದು ಅಂತ ಇಟ್ಕೊಳ್ಳಿ. ಸುಮ್ನೆ ಹೇಳ್ದೆ. ಸಂಭವನೀಯತೆ ಪಾಠ ನಂದಲ್ವಾ ಈ ಸಲ."

"ನಾನೇನೂ ಹುಡುಕ್ತಿಲ್ಲ ಸರ್."

"ನೀವು ಹುಡುಕ್ತಿದೀರ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಟೀಚರು ತಲೆ ತಗ್ಗಿಸಿ ಮೊದಲ ಹಾಳೆ ಎತ್ತಿಕೊಂಡಳು.

ಹುಡುಕದೆ ಇರಲು ಅವಳೇನು ಮರವೇ? ಪ್ರತಿ ಹಾಳೆಯನ್ನೂ ತಿದ್ದುವ ಮುಂಚೆ ಅಕ್ಷರ ನೋಡುತ್ತಿದ್ದಳು. ಆದರೆ ಮೂರು ವರ್ಷದಿಂದ ಅವಳು ಮಗಳ ಅಕ್ಷರವನ್ನೇ ಕಂಡಿಲ್ಲ. ಹನ್ನೆರಡರ ಗುಂಡಗಿನ ಅಕ್ಷರ ಹದಿನೈದಕ್ಕೆ ಎತ್ತ ವಾಲಿತೋ ಯಾರಿಗೆ ಗೊತ್ತು. ಮಗಳ ಬರಹವನ್ನು ಗುರುತಿಸಲಾಗದ ತಾಯಿ ತಾನು ಎಂಬುದು ಹನ್ನೆರಡನೇ ಹಾಳೆಯ ಹೊತ್ತಿಗೆ ಅವಳಿಗೆ ಸ್ಪಷ್ಟವಾಯಿತು. ಎದ್ದು ಹೋಗಿ ನೀರು ಕುಡಿದು ಬಂದಳು.

ಮಕ್ಕಳು ಬರೆಯುವುದನ್ನು ಬರೆದಿದ್ದರು. ಮೂವತ್ತೊಂದು ಮಂದಿ 67 ಬರೆದಿದ್ದರು. ಇಪ್ಪತ್ತೊಂದನೆಯ ದಿನ ಎಷ್ಟು ಎಂದು ಕೇಳಿದರೆ ಒಟ್ಟು ಮೊತ್ತ ಕೊಟ್ಟವರಿದ್ದರು, ಒಟ್ಟು ಎಷ್ಟು ಎಂದರೆ ಕೊನೆಯ ದಿನದ್ದನ್ನು ಕೊಟ್ಟವರೂ ಇದ್ದರು. ಒಬ್ಬ ಮಹಾರಾಯ ಋಣ ಇಪ್ಪತ್ತಮೂರು ಸಾಲಿನ ಶಾಲನ್ನೇ ಹೊದ್ದು ಕೂತಿದ್ದ. ಹತ್ತನೆಯ ಪ್ರಶ್ನೆಗೆ ಬಹಳಷ್ಟು ಮಂದಿ ಸೂಚಿಯಲ್ಲಿದ್ದಂತೆ ಆರು ಬರೆದು, ಹತ್ತನ್ನು ಒಂದು ಗೆರೆಯಲ್ಲಿ ಹೊಡೆದುಹಾಕಿದ್ದರು.

ಐವತ್ತೇಳನೆಯ ಹಾಳೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ತಂದುಕೊಂಡಳು.

ಅದರಲ್ಲಿ ಹತ್ತನೆಯ ಪ್ರಶ್ನೆಗೆ ಸೂತ್ರವೇ ಇರಲಿಲ್ಲ. ಬರೆದವರು ಪದಗಳನ್ನು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೆ ಅವನ್ನೇ ಹಿಂದುಮುಂದಾಗಿ ಬರೆದಿದ್ದರು. ಮೂವತ್ತರ ಕೆಳಗೆ ಹತ್ತು, ಇಪ್ಪತ್ತಾರರ ಕೆಳಗೆ ಹದಿನಾಲ್ಕು. ಪ್ರತಿ ಜೋಡಿ ನಲವತ್ತು, ಆರು ನಲವತ್ತು ಇನ್ನೂರ ನಲವತ್ತು, ಅರ್ಧ ನೂರಿಪ್ಪತ್ತು.

ಹೀಗೆ ಕೂಡುವುದನ್ನು ಅವಳು ಗುಬ್ಬಿಗೆ ಕಲಿಸಿದ್ದು ಮೆಟ್ಟಿಲ ಮೇಲೆ. ಮನೆಯ ಮೆಟ್ಟಿಲು ಇಪ್ಪತ್ತು. ಎಂಟು ವರ್ಷದ ಗುಬ್ಬಿ ಒಂದನೆಯ ಮೆಟ್ಟಿಲಲ್ಲಿ, ಅಮ್ಮ ಇಪ್ಪತ್ತನೆಯದರಲ್ಲಿ. ಅವಳು ಒಂದು ಹತ್ತಿದರೆ ಇವಳು ಒಂದು ಇಳಿಯಬೇಕು. "ನಿಂದೆಷ್ಟು?" "ಎರಡು!" "ನಂದು ಹತ್ತೊಂಬತ್ತು. ಕೂಡಿದ್ರೆ?" "ಇಪ್ಪತ್ತೊಂದು!" ಪ್ರತಿ ಸಲ ಇಪ್ಪತ್ತೊಂದೇ. ಇಪ್ಪತ್ತು ಸಲ ಇಪ್ಪತ್ತೊಂದು, ಅದರಲ್ಲಿ ಅರ್ಧ, ಇನ್ನೂರ ಹತ್ತು. ನಡುವೆ ಎದುರಾದಾಗ ಗುಬ್ಬಿ ಅವಳ ಸೆರಗು ಹಿಡಿದು ನಗುತ್ತಿದ್ದಳು. "ನೀನೆಷ್ಟು ಇಳಿದ್ರೂ ನಾನು ಹತ್ತುತ್ತೀನಮ್ಮ, ಒಟ್ಟು ಬದಲಾಗಲ್ಲ."

ಹಾಳೆಯಲ್ಲಿ ಅಷ್ಟಕ್ಕೇ ನಿಂತಿರಲಿಲ್ಲ. ಆರು ಎಂದು ಉತ್ತರ ಬರೆದು, ಕೆಳಗೆ ಗೆರೆ ಎಳೆದು, ಶ್ರೇಢಿಯನ್ನು ಇನ್ನೂ ಮುಂದಕ್ಕೆ ಎಳೆದಿದ್ದರು. ಹದಿನಾರು ಪದಗಳು, ಮೂವತ್ತರಿಂದ ಋಣ ಮೂವತ್ತರವರೆಗೆ. ಕೆಳಗೆ ಅವೇ ಹಿಂದುಮುಂದಾಗಿ. ಮೂವತ್ತರ ಕೆಳಗೆ ಋಣ ಮೂವತ್ತು, ಇಪ್ಪತ್ತಾರರ ಕೆಳಗೆ ಋಣ ಇಪ್ಪತ್ತಾರು. ಪ್ರತಿ ಜೋಡಿಯ ಕೆಳಗೂ ಒಂದು ಸೊನ್ನೆ. ಹದಿನಾರು ಸೊನ್ನೆಗಳ ಕೊನೆಗೆ ಚಿಕ್ಕ ಅಕ್ಷರದಲ್ಲಿ ಎರಡು ವಾಕ್ಯ:

"16ನೇ ದಿನ ಅವಳು ಮನೆಗೆ ಬರುತ್ತಾಳೆ. ಇದನ್ನು ಪ್ರಶ್ನೆಯಲ್ಲಿ ಕೇಳಿಲ್ಲ."

ಟೀಚರು ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿದಳು. ಇದನ್ನು ಪ್ರಶ್ನೆಯಲ್ಲಿ ಕೇಳಿಲ್ಲ. ಆ ಚಿಕ್ಕ ಕೋಣೆಯಲ್ಲೂ ಕೇಳಲಿಲ್ಲ. ನೂರೈವತ್ತು ಭಾನುವಾರಗಳಲ್ಲೂ ಕೇಳಲಿಲ್ಲ. ತಿಂಡಿ ಆಯ್ತಾ ಎಂದು ಕೇಳಿದಳು, ಓದು ಹೇಗೆ ಎಂದು ಕೇಳಿದಳು, ಕೇಳಬೇಕಾದ್ದನ್ನು ಬರೆದೂ ತಾನೇ ಹೊಡೆದುಹಾಕಿದಳು.

"ಏನಾಯ್ತ್ರೀ?" ಎಂದರು ಮೇಷ್ಟ್ರು.

ಅವಳು ಹಾಳೆಯನ್ನು ಅವರತ್ತ ತಳ್ಳಿದಳು. ಮೇಷ್ಟ್ರು ಓದಿದರು, ಇನ್ನೊಮ್ಮೆ ಓದಿದರು.

"ಇದು ನಂದು ಸರ್. ನನ್ ಮಗಳದ್ದು. ಹೀಗೆ ಕೂಡೋದು ನಾನು ಹೇಳ್ಕೊಟ್ಟಿದ್ದು."

"ಹೀಗೆ ಕೂಡೋದು ಎಲ್ಲಾ ಪುಸ್ತಕದಲ್ಲೂ ಇದೆ ಮೇಡಂ. ಸೂತ್ರ ಹುಟ್ಟೋದೇ ಅಲ್ಲಿಂದ. ನನ್ ಕಟ್ಟಲ್ಲೂ ಇಬ್ಬರು ಹೀಗೇ ಮಾಡಿದಾರೆ." ಅವಳ ಮುಖ ನೋಡಿ ಮೆತ್ತಗಾದರು. "ಇರಬಹುದು. ಇರಬಾರದು ಅಂತಲೂ ಇಲ್ಲ. ನಾಲ್ಕಕ್ಕೆ ನಾಲ್ಕು ಕೊಡಿ. ಹದಿನಾರಕ್ಕೆ ಮಾತ್ರ ಅಂಕ ಇಲ್ಲ, ಸೂಚಿಯಲ್ಲಿ ಇಲ್ಲವಲ್ಲ."

ಟೀಚರು ನಾಲ್ಕು ಅಂಕ ಕೊಟ್ಟಳು. ಆಮೇಲೆ ಆ ಎರಡು ವಾಕ್ಯಗಳ ಪಕ್ಕ ಕೆಂಪಿನಲ್ಲಿ ಬರೆದಳು: "ಕೇಳಬೇಕಿತ್ತು. ತಪ್ಪು ನನ್ನದು." ಮೇಷ್ಟ್ರು ನೋಡಿದರು. ಜನ್ಮದಲ್ಲಿ ಮೊದಲ ಸಲ ಯಾವುದನ್ನೂ ತಿದ್ದದೆ ಬಿಟ್ಟರು.

ಆ ವಾರ ಕಳೆದದ್ದೇ ಕಷ್ಟವಾಯಿತು. ಟೀಚರು ಬೀರುವಿನಿಂದ ಹಳದಿ ಶಾಲು ತೆಗೆದು ಹದಿನಾರನೆಯ ಸಾಲು ಹಾಕಲು ಕೂತಳು. ಮೂವತ್ತೊಂಬತ್ತು ಹೊಲಿಗೆ. ಹನ್ನೆರಡರ ಹುಡುಗಿಗೆಂದು ತೊಡಗಿದ್ದು, ಈಗ ಭುಜಕ್ಕೆ ಸಾಲುತ್ತದೋ ಇಲ್ಲವೋ. ಎಷ್ಟು ಎತ್ತರ ಆಗಿದ್ದಾಳೆಂದು ಯಾರನ್ನು ಕೇಳುವುದು? ವರ್ಷಕ್ಕೆರಡು ಸಲ ನೋಡುವಾಗಲೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೇ ಇರುತ್ತಿದ್ದರು, ಪಕ್ಕದಲ್ಲಿ ನಿಂತು ನೋಡಿಕೊಂಡದ್ದಿಲ್ಲ. ಶಾಲನ್ನು ಎದೆಗೆ ಅವಚಿಕೊಂಡು ಅವಳು ಸ್ವಲ್ಪ ಹೊತ್ತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಹೊಲಿಗೆ ಎಣಿಸಿದಳು. ಒಂದು ತಪ್ಪಿತ್ತು. ಬಿಚ್ಚಿ ಮತ್ತೆ ಹಾಕಿದಳು.

ಭಾನುವಾರ ಹತ್ತು ಗಂಟೆ. ಎರಡನೇ ರಿಂಗಿಗೆ ಗುಬ್ಬಿ ಎತ್ತಿದಳು.

"ತಿಂಡಿ ಆಯ್ತು, ಓದು ನಡೀತಿದೆ, ಅಪ್ಪ ಚೆನ್ನಾಗಿದಾರೆ" ಎಂದಳು ಒಂದೇ ಉಸಿರಿಗೆ. ತಮಾಷೆಯೋ ಬೇಸರವೋ ಗೊತ್ತಾಗಲಿಲ್ಲ.

"ಗುಬ್ಬಿ, ಹಾಳೆ ನೋಡಿದೆ ಕಣೇ. ಹದಿನಾರು ಬರೆದಿದ್ದು ನೋಡಿದೆ."

"ಯಾವ ಹಾಳೆ?"

"ಶ್ರೇಢಿದು. ಹೋದ ಬುಧವಾರ ಅಲ್ಲ, ಅದರ ಹಿಂದಿನ ಬುಧವಾರದ್ದು."

"ಅದಾ? ನಾನು ಅವತ್ತು ಶಾಲೆಗೇ ಹೋಗಿಲ್ಲಮ್ಮ. ಜ್ವರ ಬಂದು ಮಲಗಿದ್ದೆ. ನಾಲ್ಕು ದಿನ."

ಟೀಚರು ಗೋಡೆಗೆ ಒರಗಿದಳು. ಜ್ವರ. ನಾಲ್ಕು ದಿನ. ಆ ಭಾನುವಾರ ದನಿ ಕಟ್ಟಿತ್ತು, ತಾನು ತಿಂಡಿ ಆಯ್ತಾ ಎಂದು ಕೇಳಿ ಫೋನು ಇಟ್ಟಿದ್ದಳು. ಹಾಗಾದರೆ ಆ ಹದಿನಾರು ಸೊನ್ನೆಗಳು ಯಾರವು? ಯಾವ ಊರಿನ ಯಾವ ಮನೆಯ ಮಗು, ಯಾರು ಕೇಳಲಿಲ್ಲವೆಂದು ಅದನ್ನು ಬರೆಯಿತು? ಇಷ್ಟರಲ್ಲಿ ಆ ಹಾಳೆ ಅದರ ಕೈ ಸೇರಿರುತ್ತದೆ. ಕೇಳಬೇಕಿತ್ತು, ತಪ್ಪು ನನ್ನದು ಎಂದು ಕೆಂಪಿನಲ್ಲಿ ಓದಿ ಏನಂದುಕೊಂಡಿತೋ. ಅಂದುಕೊಳ್ಳಲಿ. ಯಾವುದೋ ಒಂದು ಮಗುವಿಗಾದರೂ ಯಾರಾದರೊಬ್ಬರು ಹಾಗೆ ಹೇಳಿದಂತಾಯಿತು.

"ಅಮ್ಮ? ಇದೀಯಾ?"

"ಇದೀನಿ."

"ಇಡ್ಲಾ?"

"ಇಡಬೇಡ." ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಜ್ವರ ಹೋಯ್ತಾ? ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅದೇ ಮಾತು. ಬರೆದವರು ಬೇರೆ, ಆದರೆ ಅದೇ ಮಾತು. ಟೀಚರು ಕಣ್ಣು ಮುಚ್ಚಿಕೊಂಡಳು.

"ಪೆನ್ಸಿಲ್ ಇದೆಯಾ ಹತ್ರ? ಒಂದು ಪ್ರಶ್ನೆ ಇದೆ. ಒಬ್ಬ ಹುಡುಗಿ ಸೈಕಲ್ ಹತ್ತಿ ಮನೆಯಿಂದ ಹೊರಟಳು. ಮೊದಲ ದಿನ ಮೂವತ್ತು ಕಿಲೋಮೀಟರು. ಆಮೇಲೆ ದಿನಾ ನಾಲ್ಕು ಕಡಿಮೆ. ಋಣ ಬಂದ ದಿನ ಮನೆ ಕಡೆಗೆ ತಿರುಗಿದಳು ಅಂತ." ಅಚ್ಚಾಗಿದ್ದ ಪ್ರಶ್ನೆಯನ್ನು ಬಿಟ್ಟು, ತಾನು ಗೆರೆ ಎಳೆದಿದ್ದನ್ನು ಕೇಳಿದಳು. "ಎಷ್ಟನೇ ದಿನ ಅವಳು ಮನೆಗೆ ಬರ್ತಾಳೆ?"

ಆ ಕಡೆ ಕಾಗದದ ಸದ್ದಾಯಿತು. ಪೆನ್ಸಿಲ್ಲು ಕರಕರ ಅನ್ನುವುದು, ಗುಬ್ಬಿ ಬಾಯಲ್ಲಿ ಗೊಣಗುವುದು ಎಲ್ಲ ಕೇಳುತ್ತಿತ್ತು. ಮೂವತ್ತು, ಇಪ್ಪತ್ತಾರು, ಇಪ್ಪತ್ತೆರಡು. ಎರಡು ನಿಮಿಷ ಯಾವಾಗಲೋ ದಾಟಿಹೋಗಿತ್ತು. ಟೀಚರು ಒಂದು ಮಾತೂ ಹೇಳಿಕೊಡಲಿಲ್ಲ.

"ಎಂಟನೇ ದಿನ ಅತೀ ದೂರ" ಎಂದಳು ಗುಬ್ಬಿ ನಿಧಾನವಾಗಿ. "ಆಮೇಲೆ ಎಲ್ಲಾ ವಾಪಸ್ಸು ಕಳೆದು ಹೋಗುತ್ತೆ. ಜೋಡಿ ಹಾಕಿದ್ರೆ ಸೊನ್ನೆ ಸೊನ್ನೆ. ಹದಿನಾರು."

"ಸರಿ ಇದೆ."

ಯಾವಾಗಿನಂತೆ ಉಸಿರು ಮಾತ್ರ. ಆಮೇಲೆ ಗುಬ್ಬಿ ಕೇಳಿದಳು, ಸಣ್ಣ ದನಿಯಲ್ಲಿ:

"ಅಮ್ಮ, ಇದು ಲೆಕ್ಕಾನಾ? ಇಲ್ಲಾ ನನ್ನ ಕರೀತಿದೀಯಾ?"

ಇಪ್ಪತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದವಳಿಗೆ ಮೊದಲ ಸಲ ಉತ್ತರ ಹೇಳುವ ಸರದಿ ಬಂದಿತ್ತು.

"ಲೆಕ್ಕ ಅಲ್ಲ" ಎಂದಳು. "ಕರೀತಿದೀನಿ. ಮನೆಗೆ ಬಾ ಮಗಳೇ. ಅವತ್ತೇ ಕರೀಬೇಕಿತ್ತು. ಬಾ."

ಆ ಕಡೆ ಮೂಗು ಎಳೆದ ಸದ್ದು ಕೇಳಿಸಿತು. ಜ್ವರದ ಶೀತವೇ ಇರಬೇಕೆಂದು ನಂಬಲು ಟೀಚರು ಈ ಸಲ ಸಿದ್ಧಳಿರಲಿಲ್ಲ.

"ಅಷ್ಟು ಹೇಳೋಕೆ" ಎಂದಳು ಗುಬ್ಬಿ, "ಇಷ್ಟೆಲ್ಲಾ ಕಿಲೋಮೀಟರು ಯಾಕಮ್ಮ ಬೇಕಿತ್ತು?"